‘ಕೊಡುವ’ ಅಲ್ಲ, ‘ಕೊಡುತ್ತೇನೆ’

ನಮ್ಮದು ಮಂಜೇಶ್ವರ ತಾಲೂಕಿನಲ್ಲಿ ರಸ್ತೆ ಬದಿಯ ಒಂದು ಹಾರ್ಡ್‌ವೇರ್ ಅಂಗಡಿ. ಸಿಮೆಂಟ್, ಕಬ್ಬಿಣ, ಪೈಪ್, ಪೈಂಟ್, ಮೊಳೆಯಿಂದ ಹಿಡಿದು ನೀರಿನ ಟ್ಯಾಂಕಿನವರೆಗೆ ಎಲ್ಲ ಇದೆ. ಉಪ್ಪ ಮೂವತ್ತು ವರ್ಷ ನಡೆಸಿದ ಅಂಗಡಿ. 2023ರ ಜುಲೈಯಲ್ಲಿ ಉಪ್ಪನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಮತ್ತು ಮಾತು ಎರಡೂ ಹೋದವು. ಕಿವಿ ಕೇಳುತ್ತದೆ, ಹೇಳಿದ್ದೆಲ್ಲ ಅರ್ಥವಾಗುತ್ತದೆ, ಆದರೆ ಬಾಯಿಯಿಂದ ಬರುವುದು ಎರಡು ಮೂರು ಶಬ್ದ ಮಾತ್ರ. ಅಲ್ಲಿಯವರೆಗೆ ಮೆಕ್ಯಾನಿಕಲ್ ಡಿಪ್ಲೊಮಾ ಹಿಡಿದುಕೊಂಡು ಮಂಗಳೂರಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದ ನಾನು ಬಂದು ಗಲ್ಲಾ ಪೆಟ್ಟಿಗೆಯ ಹಿಂದೆ ಕೂತೆ.

ಮೊದಲ ವಾರ ಬಾಕಿ ಪುಸ್ತಕ ತೆರೆದಾಗ ನನಗೆ ಒಂದು ವಿಷಯ ಗೊತ್ತಾಯಿತು. ನಮ್ಮ ಅಂಗಡಿಯ ನಿಜವಾದ ಲೆಕ್ಕ ಪುಸ್ತಕದಲ್ಲಿ ಇರಲಿಲ್ಲ, ಉಪ್ಪನ ತಲೆಯಲ್ಲಿ ಇತ್ತು. ಪುಸ್ತಕದಲ್ಲಿ ಇದ್ದದ್ದು ಇಂಥ ಸಾಲುಗಳು: ‘ಬಾಕಿ ಮಳೆ ಬಿಟ್ಟ ಮೇಲೆ.’ ‘ಪೆರ್ನಾಲ್ ಮುಂಚೆ ಕೊಡುವ ಅಂದ.’ ‘ಮಗನ ದುಡ್ಡು ಬಂದ ಕೂಡಲೆ.’ ‘25 ಬಂತು.’ ಯಾವ ವರ್ಷದ ಮಳೆ, ಯಾವ ಪೆರ್ನಾಲ್, ಯಾವ ಮಗ, 25 ಎಂದರೆ ಇಪ್ಪತ್ತೈದು ಸಾವಿರವೋ ಇಪ್ಪತ್ತೈದು ಚೀಲವೋ? ಉಪ್ಪನಿಗೆ ಇದೆಲ್ಲ ಗೊತ್ತಿತ್ತು. ಓದುವ ನನಗೆ ಏನೂ ಗೊತ್ತಿರಲಿಲ್ಲ.

ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಬಾಕಿ ನಮ್ಮದೇ ಸಂಬಂಧದ ಒಬ್ಬ ಕಾಕನದ್ದು. ಮನೆ ಕಟ್ಟಿಸಿಕೊಡುವ ಕಂಟ್ರಾಕ್ಟರ್. ಉಮ್ಮನ ಕಡೆಯಿಂದ ಹತ್ತಿರದವರು. ನನ್ನ ತಂಗಿಯ ಮದುವೆಯಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ನಿಂತು ಕೆಲಸ ಮಾಡಿದವರು. ಅವರ ಲೆಕ್ಕದಲ್ಲಿ ಮೂರು ಬಿಲ್ ಇದ್ದವು. 2022ರ ಡಿಸೆಂಬರ್ 8ರ ಬಿಲ್ 62,400 ರೂಪಾಯಿ, 2023ರ ಜನವರಿ 11ರದ್ದು 78,350, ಫೆಬ್ರವರಿ 2ರದ್ದು 43,850. ಒಟ್ಟು 1,84,600. ಮಾರ್ಚ್‌ನಲ್ಲಿ ಬ್ಯಾಂಕ್ ಮೂಲಕ 40,000 ಕಟ್ಟಿದ್ದಾರೆ. ಉಳಿದದ್ದಕ್ಕೆ ಉಪ್ಪನ ಅಕ್ಷರದಲ್ಲಿ ಒಂದೇ ಸಾಲು: ‘ಮಳೆ ಬಿಟ್ಟ ಮೇಲೆ ಕೊಡುವ.’

ಒಂದು ವರ್ಷ ಆ ಲೆಕ್ಕದೊಂದಿಗೆ ಹೆಣಗಾಡಿ ನಾನು ಕಲಿತದ್ದನ್ನು ಬರೆಯುತ್ತಿದ್ದೇನೆ. ನಮ್ಮಲ್ಲಿ ಅಂಗಡಿ ಇಲ್ಲದ ಮನೆ ಸಿಗಬಹುದು, ಕೊಡುವುದು ಬರುವುದು ಇಲ್ಲದ ಮನೆ ಸಿಗಲಿಕ್ಕಿಲ್ಲ.

ಮೊದಲು ಭಾಷೆಯ ವಿಷಯ. ನಮ್ಮ ಕರಾವಳಿಯ ಕನ್ನಡದಲ್ಲಿ ‘ಕೊಡುವ’ ಎಂಬ ಒಂದು ಮಾತಿದೆ. ‘ಹೋಗುವ’, ‘ನೋಡುವ’, ‘ಮಾಡುವ’ ಇದ್ದ ಹಾಗೆ. ಅದರ ಅರ್ಥ ‘ಕೊಡೋಣ’ ಎಂದು. ಯಾರು ಕೊಡುವುದು? ಅದರಲ್ಲಿ ಇಲ್ಲ. ಯಾವಾಗ? ಅದೂ ಇಲ್ಲ. ಕೇಳುವವನಿಗೆ ಸಮಾಧಾನ, ಹೇಳುವವನಿಗೂ ಸಮಾಧಾನ, ಆದರೆ ಆ ಮಾತಿನಲ್ಲಿ ಯಾರೂ ಯಾವುದಕ್ಕೂ ಕಟ್ಟುಬಿದ್ದಿಲ್ಲ. ಸರಕಾರಿ ಕಾಗದದ ಕನ್ನಡಕ್ಕೂ ಇದೇ ಕಾಯಿಲೆ. ‘ಶೀಘ್ರದಲ್ಲಿ ಪಾವತಿಸಲಾಗುವುದು’ ಎಂದರೆ ಪಾವತಿಸುವವನೇ ವಾಕ್ಯದಿಂದ ಎದ್ದು ಹೋಗಿರುತ್ತಾನೆ. ಸಾಲದ ಮಾತಿಗೆ ಬೇಕಾದದ್ದು ‘ನಾನು ಕೊಡುತ್ತೇನೆ’ ಎಂಬ ನೇರ ವಾಕ್ಯ. ‘ಪ್ರಯತ್ನ ಮಾಡುತ್ತೇನೆ’ ಎಂದೂ ಆಗುವುದಿಲ್ಲ. ಪ್ರಯತ್ನ ಮಾಡಿದೆ, ಆಗಲಿಲ್ಲ ಎಂದರೆ ಅವನು ಮಾತು ತಪ್ಪಿದ ಹಾಗೆಯೂ ಅಲ್ಲವಲ್ಲ!

ಎರಡನೆಯದು ತಾರೀಕು. ಉಪ್ಪನ ಪುಸ್ತಕದಲ್ಲಿದ್ದ ಅವಧಿಗಳೆಲ್ಲ ಏನಾದರೊಂದು ಆದ ಮೇಲೆ ಬರುವಂಥವು. ಮಳೆ ಬಿಟ್ಟ ಮೇಲೆ, ಅಡಿಕೆ ಮಾರಿದ ಮೇಲೆ, ಮನೆಯ ಯಜಮಾನ ಕಂಟ್ರಾಕ್ಟರಿಗೆ ದುಡ್ಡು ಕೊಟ್ಟ ಮೇಲೆ. ನಮ್ಮಲ್ಲಿ ಮಳೆ ಯಾವಾಗ ಬಿಡುತ್ತದೆ? ಸೆಪ್ಟೆಂಬರಿನಲ್ಲಿ ಬಿಟ್ಟ ಹಾಗೆ ಆಗುತ್ತದೆ, ಅಕ್ಟೋಬರಿನಲ್ಲಿ ಹಿಂಗಾರು ಬಂದು ಮಧ್ಯಾಹ್ನದ ಮೇಲೆ ಗುಡುಗುತ್ತದೆ, ನವೆಂಬರಿನಲ್ಲಿಯೂ ಒಂದೆರಡು ದಿನ ಸುರಿಯುತ್ತದೆ. ಸೆಪ್ಟೆಂಬರಿನಲ್ಲಿ ಕೇಳಿದರೆ ‘ಮಳೆ ಬಿಟ್ಟಿಲ್ಲವಲ್ಲ’ ಎಂದರೂ ಸುಳ್ಳಲ್ಲ. ಇಂಥ ಅವಧಿಯಲ್ಲಿ ಕೇಳುವವನಿಗೆ ಕೇಳುವ ದಿನವೇ ಇಲ್ಲ. ಪೆರ್ನಾಲ್ ಎಂದರೂ ಅಷ್ಟೆ. ಚೆರಿಯ ಪೆರ್ನಾಲೋ ಬಲಿಯ ಪೆರ್ನಾಲೋ? ಎರಡರ ನಡುವೆ ಎರಡು ತಿಂಗಳಿಗಿಂತ ಹೆಚ್ಚು ಅಂತರ. ಅದೂ ಅಲ್ಲದೆ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಬರುತ್ತದೆ.

ಇದನ್ನು ನಮ್ಮ ಮಸೀದಿಯ ಉಸ್ತಾದರಲ್ಲಿ ಹೇಳಿದಾಗ ಅವರು ನಕ್ಕರು. ಇದು ಹೊಸ ಸಮಸ್ಯೆ ಅಲ್ಲ ಎಂದರು. ನಮ್ಮ ಶಾಫಿಈ ಮಝ್‌ಹಬಿನಲ್ಲಿ ಕಡದ ವ್ಯಾಪಾರದ ಅವಧಿ ಎರಡೂ ಕಡೆಯವರಿಗೆ ಗೊತ್ತಿರುವಂಥದ್ದು ಆಗಬೇಕು. ‘ಕೊಯ್ಲಿನ ಹೊತ್ತಿಗೆ’, ‘ಹಾಜಿಗಳು ತಿರುಗಿ ಬಂದಾಗ’ ಎಂಬಂಥ ಅವಧಿ ನಡೆಯುವುದಿಲ್ಲ, ಏಕೆಂದರೆ ಅದು ಹಿಂದೆ ಮುಂದೆ ಆಗುತ್ತದೆ. ‘ಪೆರ್ನಾಲಿಗೆ’ ಎಂದು ಮಾತ್ರ ಹೇಳಿದರೆ ಮುಂದೆ ಮೊದಲು ಬರುವ ಪೆರ್ನಾಲ್ ಎಂದೇ ಲೆಕ್ಕ ಎಂದು ಇಮಾಂ ನವವಿಯವರ ಮಿನ್‌ಹಾಜಿನಲ್ಲಿ ಇದೆ. ಏಳುನೂರು ವರ್ಷಕ್ಕಿಂತ ಹಿಂದೆಯೇ ಇದೇ ಜಗಳ ಇತ್ತು ಎಂದಾಯಿತು. ಖುರ್‌ಆನಿನಲ್ಲಿ ಎಲ್ಲಕ್ಕಿಂತ ಉದ್ದದ ಆಯತ್ ಯಾವುದು ಎಂದೂ ಅವರು ಕೇಳಿದರು. ಮದ್ರಸದಲ್ಲಿ ಕಲಿತದ್ದು ನೆನಪಿತ್ತು, ಸೂರತುಲ್ ಬಖರದ 282ನೆಯದ್ದು. ಅದರ ವಿಷಯ ಕಡವೇ. ಗೊತ್ತುಪಡಿಸಿದ ಅವಧಿಗೆ ಕಡದ ವ್ಯವಹಾರ ಮಾಡಿದರೆ ಬರೆದಿಡಬೇಕು, ಮಾತು ಹೇಳಿಕೊಡಬೇಕಾದದ್ದು ಕಡ ಇರುವವನು, ಸಾಕ್ಷಿಗಳಿರಬೇಕು, ಮೊತ್ತ ಸಣ್ಣದಾದರೂ ಬರೆಯಲು ಬೇಸರ ಮಾಡಬಾರದು. ನಾವು ಓದಿ ಬರ್ಕತ್ ಪಡೆಯುತ್ತೇವೆ. ಅಂಗಡಿಯಲ್ಲಿ ಕೂತು ಹಾಗೆ ಮಾಡುವುದಿಲ್ಲ.

ಬರೆಯಬೇಕು ಎಂದು ತೀರ್ಮಾನ ಮಾಡಿದೆ. ಕಷ್ಟ ಅಲ್ಲಿಯೇ ಇದ್ದದ್ದು. ‘ಸಂಬಂಧದವರಿಂದ ಕಾಗದ ಬರೆಸುವುದಾ? ನಾಳೆ ಮುಖ ನೋಡುವುದು ಹೇಗೆ?’ ಎಂದು ಉಮ್ಮ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ನಾನು ಹೇಳಿದ್ದು ಇಷ್ಟೆ: ಉಪ್ಪನಿಗೆ ಮಾತು ಹೋದ ಹಾಗೆ ನಾಳೆ ಆ ಕಾಕನಿಗೂ ಏನಾದರೂ ಆದರೆ? ನಮ್ಮಲ್ಲಿ ಮಯ್ಯಿತ್ ನಮಾಝಿನ ಮೊದಲು ಮಗನನ್ನು ನಿಲ್ಲಿಸಿ ‘ಇವರಿಂದ ಯಾರಿಗಾದರೂ ಏನಾದರೂ ಬರಲಿಕ್ಕಿದ್ದರೆ ಮಕ್ಕಳಲ್ಲಿ ಹೇಳಿ’ ಎಂದು ಹೇಳಿಸುತ್ತಾರಲ್ಲ. ಆಗ ನಾನು ಎದ್ದು ಅವರ ಮಕ್ಕಳಲ್ಲಿ ‘ಮಳೆ ಬಿಟ್ಟ ಮೇಲೆ ಕೊಡುವ ಅಂತ ಇದೆ’ ಎಂದು ಹೇಳಬೇಕೇ? ಕಾಗದ ಇದ್ದರೆ ಅವರ ಮಕ್ಕಳಿಗೂ ಗೊತ್ತಾಗುತ್ತದೆ ಇಷ್ಟೇ ಇರುವುದು, ಇದಕ್ಕಿಂತ ಹೆಚ್ಚಿಲ್ಲ ಎಂದು. ಉಮ್ಮ ಮತ್ತೆ ಏನೂ ಹೇಳಲಿಲ್ಲ.

ಸೆಪ್ಟೆಂಬರ್ 24, ಆದಿತ್ಯವಾರ, ಕಾಕ ಉಪ್ಪನನ್ನು ನೋಡಲು ಮನೆಗೆ ಬಂದರು. ನಾನು ಮೊದಲೇ ಫೋನ್ ಮಾಡಿ ಹೇಳಿದ್ದೆ, ಲೆಕ್ಕದ ಮಾತೂ ಇದೆ, ನಿಮ್ಮ ಕಡೆಯಿಂದ ಒಬ್ಬರನ್ನು ಕರೆದುಕೊಂಡು ಬನ್ನಿ ಎಂದು. ಅವರು ತಮ್ಮ ಅಳಿಯನನ್ನು ಕರೆದುಕೊಂಡು ಬಂದರು. ನಮ್ಮ ಕಡೆಯಿಂದ ನನ್ನ ಮಾಮ ಇದ್ದರು. ಎಲ್ಲರೂ ಉಪ್ಪನ ಮಂಚದ ಹತ್ತಿರವೇ ಕೂತೆವು.

ಮೊದಲು ಬಾಕಿ ಎಷ್ಟು ಎಂದು ಒಪ್ಪಿಕೊಳ್ಳುವ ಕೆಲಸ. ಅದನ್ನು ಮುಗಿಸದೆ ತಾರೀಕಿನ ಮಾತು ಎತ್ತಬಾರದು. ಮೊತ್ತದಲ್ಲಿ ತಕರಾರು ಉಳಿದಿದ್ದರೆ ತಾರೀಕು ಬಂದ ದಿನ ಆ ತಕರಾರೇ ದುಡ್ಡು ಕೊಡದಿರಲು ಕಾರಣವಾಗುತ್ತದೆ. ನನ್ನ ಲೆಕ್ಕದಲ್ಲಿ ಬಾಕಿ 1,44,600. ಕಾಕ ‘ಇಲ್ಲ ಮೋನೇ, ಇಪ್ಪತ್ತೈದು ಸಾವಿರ ನಿನ್ನ ಉಪ್ಪನ ಕೈಗೆ ಕೊಟ್ಟಿದ್ದೇನೆ, ನೋಂಬಿನ ಸಮಯದಲ್ಲಿ’ ಎಂದರು. ನನಗೆ ಮೈ ಬಿಸಿಯಾಯಿತು. ಮಾತಾಡಲಾಗದವನ ಮುಂದೆ ಹೀಗೆ ಹೇಳುವುದು ಎಷ್ಟು ಸುಲಭ ಎಂದು ಅನ್ನಿಸಿತು. ಆಗ ಪುಸ್ತಕದ ಆ ಸಾಲು ನೆನಪಾಯಿತು: ‘25 ಬಂತು.’ ಹೆಸರಿಲ್ಲ, ತಾರೀಕಿಲ್ಲ. ಪುಟ ತೆಗೆದು ಉಪ್ಪನ ಕಣ್ಣ ಮುಂದೆ ಹಿಡಿದು, ಕಾಕನ ಕಡೆಗೆ ಕೈ ತೋರಿಸಿದೆ. ಉಪ್ಪ ಎಡಗೈ ಎತ್ತಿ ಕಾಕನ ಮೊಣಕಾಲಿನ ಮೇಲೆ ಇಟ್ಟರು. ಹೌದು ಎಂದು ತಲೆ ಆಡಿಸಿದರು. ಕಾಕನ ಕಣ್ಣಿನಲ್ಲಿ ನೀರು ಬಂತು. ನನಗೆ ನಾಚಿಕೆಯಾಯಿತು. ಒಂದು ಶಬ್ದ ಸರಿಯಾಗಿ ಬರೆಯದೆ ಇದ್ದುದರಿಂದ ಒಬ್ಬ ಸತ್ಯವಂತನನ್ನು ನಾನು ಮನಸ್ಸಿನೊಳಗೆ ಕಳ್ಳನನ್ನಾಗಿ ಮಾಡಿ ಮುಗಿಸಿದ್ದೆ.

ಹಾಗೆ ಬಾಕಿ 1,19,600 ಎಂದು ತೀರ್ಮಾನವಾಯಿತು.

ಆಮೇಲೆ ಹೇಗೆ ಕೊಡುತ್ತೀರಿ ಎಂಬ ಮಾತು. ಕಾಕ ‘ವರ್ಷದ ಕೊನೆಯೊಳಗೆ ಪೂರ್ತಿ ಮುಗಿಸುತ್ತೇನೆ’ ಎಂದರು. ಇದು ಒಳ್ಳೆಯ ಮನಸ್ಸಿನಿಂದ ಹೇಳಿದ ಕೆಟ್ಟ ಮಾತು. ಡಿಸೆಂಬರ್ 31ರವರೆಗೆ ನಾನು ಏನೂ ಕೇಳುವ ಹಾಗಿಲ್ಲ, ಜನವರಿ 1ಕ್ಕೆ ಪೂರ್ತಿ ಮೊತ್ತ ಒಟ್ಟಿಗೆ ಅವರ ತಲೆಯ ಮೇಲೆ. ತಿಂಗಳಿಗೆ ಎಷ್ಟು ಕೊಡಲು ಸಾಧ್ಯ ಎಂದು ಕೇಳಿದೆ. ಅವರಿಗೆ ತಿಂಗಳ ಮೊದಲ ವಾರ ಗಲ್ಫಿನಲ್ಲಿರುವ ಮನೆ ಯಜಮಾನರಿಂದ ದುಡ್ಡು ಬರುತ್ತದೆ, ಅದರಲ್ಲಿ ಕೆಲಸದವರ ಸಂಬಳ ಹೋಗಿ ಮೂವತ್ತು ಸಾವಿರ ತೆಗೆದಿಡಬಹುದು ಎಂದರು. ಹಾಗಾದರೆ ಹತ್ತನೇ ತಾರೀಕು. ತಾರೀಕನ್ನು ನಾನು ಹಾಕಿದ್ದಲ್ಲ, ಅವರ ಕೈಗೆ ದುಡ್ಡು ಬರುವ ದಿನ ನೋಡಿ ಅವರೇ ಹೇಳಿದ್ದು. ಕೊಡಬೇಕಾದವನ ಬಾಯಿಯಿಂದ ಬಂದ ತಾರೀಕು ಮುರಿಯುವುದು ಅವನಿಗೇ ಕಷ್ಟ.

ಕಾಕ ಮಲಯಾಳ ಮಾಧ್ಯಮದಲ್ಲಿ ಓದಿದವರು. ನಾನು ಕನ್ನಡ ಶಾಲೆ. ಅವರಿಗೆ ಓದಲು ಬಾರದ ಅಕ್ಷರದಲ್ಲಿ ಅವರಿಂದ ರುಜು ಹಾಕಿಸಿದರೆ ನಾಳೆ ‘ಏನು ಬರೆದಿದ್ದಾನೋ ಗೊತ್ತಿಲ್ಲ’ ಎಂದು ಯಾರಾದರೂ ಹೇಳಬಹುದು. ಆದ್ದರಿಂದ ಅವರೇ ತಮ್ಮ ಕೈಯಿಂದ ಮಲಯಾಳದಲ್ಲಿ ಬರೆದರು. ಅದನ್ನೇ ನಾನು ಕೆಳಗೆ ಕನ್ನಡದಲ್ಲಿ ಬರೆದು ಎಲ್ಲರಿಗೂ ಕೇಳುವ ಹಾಗೆ ಓದಿದೆ. ಹೆಸರುಗಳನ್ನು ಬಿಟ್ಟು ಆ ಕಾಗದ ಹೀಗಿದೆ:

‘2023 ಸೆಪ್ಟೆಂಬರ್ 24, ಆದಿತ್ಯವಾರ. ಇಂಥವರ ಮಗ ಇಂಥ ನಾನು, ಇಂಥವರ ಅಂಗಡಿಯಿಂದ ಬಿಲ್ ನಂಬರ್ 212, 231, 240ರಂತೆ 1,84,600 ರೂಪಾಯಿಯ ಸಾಮಾನು ತೆಗೆದುಕೊಂಡಿದ್ದೇನೆ. ಅದರಲ್ಲಿ 65,000 ಕೊಟ್ಟಿದ್ದೇನೆ. ಈ ದಿನಕ್ಕೆ ನಾನು ಕೊಡಲು ಬಾಕಿ ಇರುವುದು 1,19,600 (ಒಂದು ಲಕ್ಷದ ಹತ್ತೊಂಬತ್ತು ಸಾವಿರದ ಆರುನೂರು) ರೂಪಾಯಿ ಮಾತ್ರ. ಇದನ್ನು ನಾಲ್ಕು ಕಂತಿನಲ್ಲಿ ಕೊಡುತ್ತೇನೆ. 2023 ಅಕ್ಟೋಬರ್ 10 ಮಂಗಳವಾರ 30,000. 2023 ನವೆಂಬರ್ 10 ಶುಕ್ರವಾರ 30,000. 2023 ಡಿಸೆಂಬರ್ 10 ಆದಿತ್ಯವಾರ 30,000. 2024 ಜನವರಿ 10 ಬುಧವಾರ 29,600. ಆಯಾ ದಿನ ಸಂಜೆ ಆರು ಗಂಟೆಯೊಳಗೆ ಅಂಗಡಿಯ ಯುಪಿಐಗೆ ಹಾಕುತ್ತೇನೆ, ಇಲ್ಲವೇ ಅಂಗಡಿಯಲ್ಲಿ ನಗದು ಕೊಟ್ಟು ರಶೀದಿ ತೆಗೆದುಕೊಳ್ಳುತ್ತೇನೆ. ಯಾವುದಾದರೂ ತಾರೀಕಿಗೆ ಆಗದಿದ್ದರೆ ಆ ದಿನಕ್ಕೆ ಮೊದಲೇ ತಿಳಿಸಿ, ಹೊಸ ತಾರೀಕನ್ನು ಈ ಕಾಗದದಲ್ಲಿಯೇ ಬರೆಯುತ್ತೇನೆ.’

ಕೆಳಗೆ ಅವರ ರುಜು, ಅಳಿಯ ಮತ್ತು ಮಾಮನ ಸಾಕ್ಷಿ ರುಜು. ಇಬ್ಬರ ಫೋನಿನಲ್ಲಿಯೂ ಫೋಟೋ.

ಇದರಲ್ಲಿ ಕೆಲವು ಸಣ್ಣ ಮಾತುಗಳನ್ನು ಯಾಕೆ ಹಾಕಿದೆವು ಎಂದು ಹೇಳಬೇಕು. ತಿಂಗಳನ್ನು ಅಕ್ಷರದಲ್ಲಿ ಬರೆದದ್ದು, 10/11 ಎಂದು ಬರೆದರೆ ನವೆಂಬರ್ ಹತ್ತೋ ಅಕ್ಟೋಬರ್ ಹನ್ನೊಂದೋ ಎಂಬ ಗೊಂದಲ ಬರಬಾರದು ಎಂದು. ವಾರವನ್ನು ಸೇರಿಸಿದ್ದು ತಪ್ಪು ಹಿಡಿಯಲು. ತಾರೀಕು ಬರೆಯುವಾಗ ಕೈ ತಪ್ಪಿದರೆ ವಾರ ತಾಳೆಯಾಗುವುದಿಲ್ಲ, ಅಲ್ಲಿಯೇ ಗೊತ್ತಾಗುತ್ತದೆ. ಬಿಲ್ ನಂಬರ್ ಹಾಕಿದ್ದು, ಅವರು ಮುಂದೆ ಬೇರೆ ಸಾಮಾನು ತೆಗೆದುಕೊಂಡು ದುಡ್ಡು ಕೊಟ್ಟರೆ ಅದು ಯಾವ ಲೆಕ್ಕಕ್ಕೆ ಎಂಬ ಮಾತು ಬರಬಾರದು ಎಂದು. ‘ಮಾತ್ರ’ ಎಂಬ ಶಬ್ದ ಅವರ ರಕ್ಷಣೆಗೆ. ಅದಕ್ಕಿಂತ ಒಂದು ರೂಪಾಯಿ ಹೆಚ್ಚು ನಾನು ಕೇಳುವ ಹಾಗಿಲ್ಲ. ಕೊನೆಯ ಕಂತು 29,600 ಎಂದು ಬೇರೆ ಇರುವುದರಿಂದ ಅದು ಕಟ್ಟಿದ ದಿನ ಲೆಕ್ಕ ಮುಗಿಯಿತು ಎಂದು ನೋಡಿದ ಕೂಡಲೆ ಗೊತ್ತಾಗುತ್ತದೆ.

ತಡವಾದರೆ ಇಷ್ಟು ಹೆಚ್ಚು ಎಂದು ನಾವು ಬರೆಯಲಿಲ್ಲ. ಕಡದ ಮೇಲೆ ಹೆಚ್ಚು ತೆಗೆದುಕೊಂಡರೆ ಅದು ರಿಬಾ. ಬ್ಯಾಂಕಿನವರಿಗೆ ಬಡ್ಡಿಯ ಹೆದರಿಕೆ ಇದೆ, ನಮಗೆ ಅದಿಲ್ಲ. ನಮ್ಮ ಕಾಗದಕ್ಕೆ ಇರುವ ಶಕ್ತಿ ತಾರೀಕು ಒಂದೇ. ಅದಕ್ಕಾಗಿಯೇ ತಾರೀಕು ಸರಿಯಾಗಿ ಇರಬೇಕು.

‘ಇನ್‌ಶಾ ಅಲ್ಲಾಹ್’ ಎಂದು ಬರೆಯಬೇಡವೇ ಎಂದು ಕಾಕ ಕೇಳಿದರು. ಖಂಡಿತ ಬರೆಯುವ ಎಂದೆ. ಕಾಗದದ ಮೇಲ್ಭಾಗದಲ್ಲಿ ಬಿಸ್ಮಿ, ಕೊನೆಯಲ್ಲಿ ಇನ್‌ಶಾ ಅಲ್ಲಾಹ್ ಅವರೇ ಬರೆದರು. ಅದು ತಾರೀಕಿನ ಜೊತೆಗೆ ಇರಬೇಕು, ತಾರೀಕಿನ ಬದಲಿಗೆ ಅಲ್ಲ. ‘ಯಾವಾಗ ಕೊಡುತ್ತೀರಿ?’ ಎಂಬ ಪ್ರಶ್ನೆಗೆ ಬರಿಯ ಇನ್‌ಶಾ ಅಲ್ಲಾಹ್ ಉತ್ತರವಾದರೆ ನಾವು ಆ ಮಾತಿಗೇ ಬೆಲೆ ಕಳೆಯುತ್ತಿದ್ದೇವೆ.

ಅಕ್ಟೋಬರ್ 10ಕ್ಕೆ ಮೂವತ್ತು ಸಾವಿರ ಬಂತು. ಯುಪಿಐಯಲ್ಲಿ ಹಾಕುವಾಗ ಕೆಳಗೆ ಟಿಪ್ಪಣಿ ಬರೆಯುವ ಜಾಗ ಇದೆಯಲ್ಲ, ಅಲ್ಲಿ ‘ಬಿಲ್ 212 ಕಂತು 1’ ಎಂದು ಹಾಕಲು ಹೇಳಿದ್ದೆ, ಹಾಕಿದ್ದರು. ನವೆಂಬರ್ 9ರ ಸಂಜೆ ಕಾಕ ಅಂಗಡಿಗೆ ಬಂದರು. ಒಬ್ಬ ಯಜಮಾನರು ದುಡ್ಡು ಕಳಿಸಿಲ್ಲ, ಹನ್ನೆರಡು ಸಾವಿರ ಮಾತ್ರ ಇದೆ, ಉಳಿದದ್ದಕ್ಕೆ ಸ್ವಲ್ಪ ಸಮಯ ಬೇಕು ಎಂದರು.

ಇಲ್ಲಿ ನನಗೆ ಕಾರ್ಖಾನೆಯ ಒಂದು ಪಾಠ ಉಪಯೋಗಕ್ಕೆ ಬಂತು. ಅಲ್ಲಿ ಡ್ರಾಯಿಂಗಿನಲ್ಲಿ ಒಂದು ಅಳತೆ ಬದಲಾದರೆ ಹಳೆಯದನ್ನು ಅಳಿಸಿ ಅದರ ಮೇಲೆ ಹೊಸದು ಬರೆಯುವ ಹಾಗಿಲ್ಲ. ಮೂಲೆಯ ಪಟ್ಟಿಯಲ್ಲಿ ಯಾವ ದಿನ, ಏನು, ಎಷ್ಟರಿಂದ ಎಷ್ಟಕ್ಕೆ ಬದಲಾಯಿತು ಎಂದು ಬರೆದು ರುಜು ಹಾಕಬೇಕು. ಹಳೆಯ ಅಳತೆಯಲ್ಲಿ ಮಾಡಿದ ವಸ್ತು ಯಾಕೆ ಹಾಗಿದೆ ಎಂದು ಮುಂದೆ ಯಾರು ನೋಡಿದರೂ ಗೊತ್ತಾಗಬೇಕು. ಅದೇ ಕ್ರಮದಲ್ಲಿ ಕಾಗದದ ಕೆಳಗೆ ಹೀಗೆ ಬರೆದೆವು: ‘2023 ನವೆಂಬರ್ 9. ನವೆಂಬರ್ 10ರ ಕಂತು 30,000ದಲ್ಲಿ 12,000 ಇವತ್ತು ನಗದು ಕೊಟ್ಟಿದ್ದೇನೆ. ಉಳಿದ 18,000ವನ್ನು 2023 ನವೆಂಬರ್ 25 ಶನಿವಾರ ಸಂಜೆ ಆರರೊಳಗೆ ಕೊಡುತ್ತೇನೆ. ಉಳಿದ ಕಂತುಗಳ ತಾರೀಕು ಬದಲಾಗಿಲ್ಲ.’ ಅವರು ರುಜು ಹಾಕಿದರು.

ಕೊನೆಯ ಆ ಸಣ್ಣ ವಾಕ್ಯ ಮರೆಯಬಾರದು. ಒಂದು ಕಂತಿಗೆ ಸಮಯ ಕೊಟ್ಟರೆ ಎಲ್ಲ ಕಂತೂ ಹದಿನೈದು ದಿನ ಮುಂದೆ ಹೋಯಿತು ಎಂದು ಎದುರಿನವರು ತಿಳಿದುಕೊಳ್ಳುವುದು ಸಹಜ. ಕಷ್ಟದಲ್ಲಿರುವವನಿಗೆ ಸಮಯ ಕೊಡಬೇಕು ಎಂದು ದೀನಿನಲ್ಲಿಯೇ ಇದೆ. ಕೊಟ್ಟೆ. ಆದರೆ ಕೊಟ್ಟ ಸಮಯಕ್ಕೂ ಒಂದು ಕೊನೆಯ ತಾರೀಕು ಇರಬೇಕು.

ನವೆಂಬರ್ 25ಕ್ಕೆ ಹದಿನೆಂಟು ಸಾವಿರ ಬಂತು. ಡಿಸೆಂಬರ್ 10ಕ್ಕೆ ಬರಲಿಲ್ಲ. ಫೋನ್ ಮಾಡಿದೆ. ‘ಡಿಸೆಂಬರ್ ಕೊನೆಗೆ ಎಂದಲ್ಲವಾ ಮೋನೇ ನಾವು ಮಾತಾಡಿದ್ದು?’ ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ‘ವರ್ಷದ ಕೊನೆ’ ಎಂದು ಮೊದಲು ಹೇಳಿದ್ದು ಅವರ ತಲೆಯಲ್ಲಿ ಉಳಿದುಕೊಂಡಿತ್ತು. ಎರಡು ತಿಂಗಳು ಮೊದಲಾಗಿದ್ದರೆ ಇದೇ ಮಾತಿಗೆ ನಮ್ಮಲ್ಲಿ ಜಗಳವಾಗುತ್ತಿತ್ತು. ನಾನು ವಾಟ್ಸಾಪಿನಲ್ಲಿ ಆ ಕಾಗದದ ಫೋಟೋ ಹಾಕಿ ಇಷ್ಟು ಬರೆದೆ: ‘ಕಾಕ, ಸಲಾಂ. ಸೆಪ್ಟೆಂಬರ್ 24ರ ಕಾಗದದ ಮೂರನೇ ಕಂತು, ಡಿಸೆಂಬರ್ 10, 30,000. ನವೆಂಬರ್ 9ರಂದು ಬರೆದ ಸಾಲಿನಲ್ಲಿ ಉಳಿದ ತಾರೀಕು ಬದಲಾಗಿಲ್ಲ ಎಂದು ಇದೆ. ಯಾವ ದಿನ ಹಾಕುತ್ತೀರಿ ಎಂದು ತಿಳಿಸಿ.’ ನೀವು ಹೀಗೆ ಮಾಡಿದಿರಿ, ಹಾಗೆ ಹೇಳಿದಿರಿ ಎಂಬ ಯಾವ ಮಾತೂ ಅದರಲ್ಲಿ ಬೇಕಾಗಲಿಲ್ಲ. ಅರ್ಧ ಗಂಟೆಯಲ್ಲಿ ಉತ್ತರ ಬಂತು: ‘ನೋಡಿದೆ. 14ಕ್ಕೆ ಹಾಕುತ್ತೇನೆ.’ ಡಿಸೆಂಬರ್ 14ಕ್ಕೆ ಹಾಕಿದರು.

ವಾಟ್ಸಾಪಿನ ವಿಷಯ ಬಂದದ್ದರಿಂದ ಒಂದು ಮಾತು. ಸಣ್ಣ ಮೊತ್ತಕ್ಕೆಲ್ಲ ಸಾಕ್ಷಿ ಕೂರಿಸಿ ಕಾಗದ ಬರೆಯಲು ಆಗುವುದಿಲ್ಲ. ಈಗ ನಾನು ಎರಡು ಸಾವಿರದ ಬಾಕಿಗೂ ಮಾತು ಮುಗಿದ ಕೂಡಲೆ ಒಂದು ಮೆಸೇಜ್ ಹಾಕುತ್ತೇನೆ: ‘ಬಿಲ್ ನಂಬರ್ ಇಷ್ಟು, ಬಾಕಿ 2,150, ಮಾರ್ಚ್ 5ಕ್ಕೆ ಕೊಡುತ್ತೇನೆ ಎಂದಿದ್ದೀರಿ. ಸರಿಯಾದರೆ ಸರಿ ಎಂದು ಬರೆಯಿರಿ.’ ಆ ‘ಸರಿ’ ಬರಬೇಕು. ನೀಲಿ ಗೆರೆ ಬಂದರೆ ಓದಿದ್ದಾರೆ ಎಂದಷ್ಟೇ ಅರ್ಥ, ಒಪ್ಪಿದ್ದಾರೆ ಎಂದಲ್ಲ. ವಾಯ್ಸ್ ಮೆಸೇಜನ್ನು ನಾನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಅದರಲ್ಲಿ ಆರೋಗ್ಯ, ಮಕ್ಕಳು, ಮಳೆ ಎಲ್ಲ ಆಗಿ ಎರಡನೇ ನಿಮಿಷದಲ್ಲಿ ತಾರೀಕು ಬರುತ್ತದೆ. ಆರು ತಿಂಗಳ ನಂತರ ಅದನ್ನು ಹುಡುಕಿ ತೆಗೆಯುವುದು ಯಾರಿಗೂ ಸಾಧ್ಯವಿಲ್ಲ. ವಾಯ್ಸ್ ಬಂದರೆ ಅದರಲ್ಲಿದ್ದ ತಾರೀಕು ಮತ್ತು ಮೊತ್ತವನ್ನು ಕೆಳಗೆ ಟೈಪ್ ಮಾಡಿ ‘ಹೀಗೆ ತಾನೇ?’ ಎಂದು ಕೇಳುತ್ತೇನೆ. ಮೆಸೇಜ್ ತನ್ನಷ್ಟಕ್ಕೆ ಅಳಿದುಹೋಗುವ ಸೆಟ್ಟಿಂಗ್ ಹಾಕಿದ್ದಾರಾ ಎಂದೂ ನೋಡಬೇಕು.

ಕೋರ್ಟಿಗೆ ಹೋಗುವ ಮಾತು ನಮ್ಮಲ್ಲಿ ಬರಲಿಲ್ಲ, ಬರಲೂಬಾರದು. ಆದರೂ ಎರಡು ವಿಷಯ ಗೊತ್ತಿರಲಿ. ಕಾಲಮಿತಿ ಕಾಯ್ದೆ 1963ರ ಪ್ರಕಾರ ಮಾರಿದ ಸಾಮಾನಿನ ದುಡ್ಡಿಗೆ ದಾವೆ ಹಾಕಲು ಮೂರು ವರ್ಷ. ಕೊಡುವ ಅವಧಿ ಏನೂ ಗೊತ್ತುಮಾಡದಿದ್ದರೆ ಸಾಮಾನು ಕೊಟ್ಟ ದಿನದಿಂದಲೇ ಆ ಮೂರು ವರ್ಷ ಶುರು. ಅದು ಮುಗಿಯುವ ಮೊದಲು ಬಾಕಿ ಇರುವುದನ್ನು ಒಪ್ಪಿ ಬರೆದು ರುಜು ಹಾಕಿದರೆ, ಅದೇ ಕಾಯ್ದೆಯ 18ನೇ ಕಲಮಿನಂತೆ ರುಜು ಹಾಕಿದ ದಿನದಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ. ಕಾಗದಕ್ಕೆ ತಾರೀಕು ಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ. ಇನ್ನೊಂದು ವಿಷಯ ಸ್ಟಾಂಪಿನದ್ದು. ಇಂಥವರಿಗೆ ಇಷ್ಟು ಕೊಡುತ್ತೇನೆ ಎಂದು ಯಾವ ಷರತ್ತೂ ಇಲ್ಲದೆ ರುಜು ಹಾಕಿದ ಕಾಗದವನ್ನು ಕಾನೂನು ಪ್ರಾಮಿಸರಿ ನೋಟ್ ಎಂದು ನೋಡಬಹುದು, ಮತ್ತು ಸರಿಯಾದ ಸ್ಟಾಂಪ್ ಇಲ್ಲದ ಪ್ರಾಮಿಸರಿ ನೋಟನ್ನು ಕೋರ್ಟು ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ. ಆಮೇಲೆ ಸ್ಟಾಂಪ್ ಹಚ್ಚಿ ಸರಿಮಾಡಲೂ ಆಗುವುದಿಲ್ಲ. ನಮ್ಮ ಕಾಗದ ಎರಡು ಮನೆಗಳ ನೆನಪಿಗಾಗಿ ಬರೆದದ್ದು. ದೊಡ್ಡ ಮೊತ್ತವಾದರೆ, ಪರಿಚಯವಿಲ್ಲದವರಾದರೆ, ರುಜು ಹಾಕುವ ಮೊದಲು ವಕೀಲರಿಗೆ ತೋರಿಸಿ ಸ್ಟಾಂಪ್ ಹಾಕಿಸಿ. ಆದರೆ ಮೂರು ವರ್ಷ ಎನ್ನುವುದು ಕೋರ್ಟಿನ ಲೆಕ್ಕ ಮಾತ್ರ. ದೀನಿನ ಲೆಕ್ಕದಲ್ಲಿ ಕಡ ಹಳತಾಗಿ ಹೋಗುವುದಿಲ್ಲ.

ಕೊನೆಯ ಕಂತು ಜನವರಿ 10ಕ್ಕೆ ಬರಲಿಲ್ಲ. ಅದನ್ನು ಕಾಕ ಜನವರಿ 8ರಂದೇ ಬಂದು ಹೇಳಿ, ಫೆಬ್ರವರಿ 10 ಎಂದು ತಾವೇ ಪೆನ್ನು ತೆಗೆದು ಬರೆದರು. ಬರೆಯಿರಿ ಎಂದು ನಾನು ಹೇಳಲಿಲ್ಲ. ಫೆಬ್ರವರಿ 10ಕ್ಕೆ ನಗದು ತಂದರು. ಅಂಗಡಿಯಲ್ಲಿ ಕೊಡದೆ ಮನೆಗೆ ಬಂದು ಉಪ್ಪನ ಎಡಗೈಯಲ್ಲಿ ಇಟ್ಟರು. ಕಾಗದದ ಮೇಲೆ ನಾನು ‘ಈ ಕಾಗದದ ಪೂರ್ತಿ ಮೊತ್ತ 1,19,600 ಸಂದಿದೆ, ಬಿಲ್ 212, 231, 240ರಲ್ಲಿ ಇನ್ನು ಬಾಕಿ ಇಲ್ಲ’ ಎಂದು ತಾರೀಕು ಹಾಕಿ ಬರೆದು ರುಜು ಮಾಡಿ ಮೂಲ ಕಾಗದವನ್ನೇ ಅವರಿಗೆ ಕೊಟ್ಟೆ. ಮುಗಿದ ಲೆಕ್ಕದ ಕಾಗದ ಇರಬೇಕಾದದ್ದು ಕೊಟ್ಟವನ ಕೈಯಲ್ಲಿ. ನನಗೆ ಅದರ ಫೋಟೋ ಸಾಕು.

ಆ ದಿನ ಚಹಾ ಕುಡಿದು ಎದ್ದು ಹೋಗುವಾಗ ಕಾಕ ನನ್ನಲ್ಲಿ ಕೇಳಿದರು, ‘ನನಗೆ ಒಬ್ಬ ಯಜಮಾನರಿಂದ ಎರಡು ಲಕ್ಷ ಬರಲಿಕ್ಕಿದೆ, ಪೆರ್ನಾಲಿಗೆ ಊರಿಗೆ ಬಂದಾಗ ಕೊಡುವ ಎನ್ನುತ್ತಿದ್ದಾರೆ. ಅವರಿಗೂ ಇಂಥದ್ದೊಂದು ಬರೆಯಲು ಆಗುತ್ತದಾ?’

‘ಯಾವ ಪೆರ್ನಾಲ್ ಎಂದು ಮೊದಲು ಕೇಳಿ ಕಾಕ’ ಎಂದೆ. ಮಂಚದ ಮೇಲಿದ್ದ ಉಪ್ಪ ನಕ್ಕರು.